ಓರೆ ಪುಟ, ಕಪ್ಪು ಅಂಚು: ಮಳೆ ಡೈರಿಯನ್ನು ಒಂದೇ ಪಿಡಿಎಫ್ ಮಾಡುವ ಮುನ್ನ ಯಾವ ದಾರಿ ಹಿಡಿಯಬೇಕು?

ಕೊಡಗಿನ ಕಾಫಿ ತೋಟದ ಮನೆಗಳಲ್ಲಿ ಮಳೆ ಬರೆದಿಟ್ಟ ಹಳೆ ಡೈರಿಗಳು ಸಿಗುತ್ತವೆ. ದಿನಾ ಬೆಳಗ್ಗೆ ಮಾಪಕದ ನೀರು ಅಳೆದು ಇಂಚು, ಸೆಂಟ್ ಲೆಕ್ಕದಲ್ಲಿ ಬರೆದ ಅಂಕಿಗಳು: 4.05, 0.62, 2.45. ಪಕ್ಕದಲ್ಲಿ ಗೊಬ್ಬರ ಹಾಕಿದ್ದು, ಕಾಳುಮೆಣಸು ಕುಯ್ದದ್ದು, ಎಷ್ಟು ಆಳು ಬಂದರು ಎನ್ನುವ ಒಂದೆರಡು ಮಾತು. ಈಗ ಇವನ್ನು ಸ್ಕ್ಯಾನ್ ಮಾಡಿ ಒಂದೇ ಪಿಡಿಎಫ್ ಆಗಿ ಮನೆಯವರಿಗೆಲ್ಲ ಕಳಿಸುವ ಆಸೆ ಅನೇಕರಿಗಿದೆ. ಕಳಿಸಿದ ಫೈಲ್ ತೆರೆದರೆ ಮಾತ್ರ ಒಂದು ಪುಟ ಎಡಕ್ಕೆ ವಾಲಿರುತ್ತದೆ, ಮುಂದಿನದು ಬಲಕ್ಕೆ. ಒಂದು ಬದಿಗೆ ಇದ್ದಿಲು ಬಳಿದಂತೆ ಕಪ್ಪು ಪಟ್ಟಿ, ನಡುವೆ ಹೊಲಿಗೆಯ ನೆರಳು.

ಇದನ್ನು ಸರಿಮಾಡಲು ನಾಲ್ಕು ದಾರಿಗಳು ಬಳಕೆಯಲ್ಲಿವೆ: ಫೋನ್‌ನ ಸ್ಕ್ಯಾನ್ ಆ್ಯಪ್, ಸ್ಕ್ಯಾನ್‌ನಿಂದ ಪಿಡಿಎಫ್‌ವರೆಗೆ ಒಂದೇ ಕಡೆ ಮುಗಿಸುವ ನ್ಯಾಪ್ಸ್2, ಪುಟಗಳನ್ನು ಹಸನು ಮಾಡುವುದಕ್ಕೆಂದೇ ಇರುವ ಸ್ಕ್ಯಾನ್‌ಟೇಲರ್ ಅಡ್ವಾನ್ಸ್ಡ್, ಮತ್ತು ಇಮೇಜ್‌ಮ್ಯಾಜಿಕ್‌ನ ಆಜ್ಞೆಗಳು. ಕಂಪ್ಯೂಟರ್‌ನ ಮೂರೂ ಉಚಿತ. ಯಾವುದು ಒಳ್ಳೆಯದು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ನಿಮ್ಮ ಕಪ್ಪು ಅಂಚು ಯಾವ ಜಾತಿಯದು, ಓರೆ ಪುಟದಿಂದ ಪುಟಕ್ಕೆ ಬದಲಾಗುತ್ತಿದೆಯೇ ಎಂಬ ಎರಡು ಸಂಗತಿಗಳು ಉತ್ತರವನ್ನು ನಿರ್ಧರಿಸುತ್ತವೆ.

ಉದಾಹರಣೆಗೆ ಒಂದು ಡೈರಿ ಇಟ್ಟುಕೊಳ್ಳೋಣ. ಪುಟ 5.5 ಇಂಚು ಅಗಲ, 8.5 ಇಂಚು ಎತ್ತರ. ಬಿಚ್ಚಿಟ್ಟರೆ ಜೋಡಿ ಪುಟ 11 ಇಂಚು ಅಗಲವಾಗುತ್ತದೆ, ಎ4 ಸ್ಕ್ಯಾನರ್‌ನ 11.7 ಇಂಚಿನ ಗಾಜಿನ ಮೇಲೆ ಅಡ್ಡಲಾಗಿ ಕೂರುತ್ತದೆ. ಒಟ್ಟು 92 ಜೋಡಿ ಪುಟ, ಮುಂದಿನ ಮತ್ತು ಹಿಂದಿನ ರಟ್ಟು ಸೇರಿ 94 ಸ್ಕ್ಯಾನ್. 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ, ಗ್ರೇಸ್ಕೇಲ್‌ನಲ್ಲಿ, ಹಿಂಡದ ಟಿಫ್ ಚಿತ್ರವಾಗಿ ಉಳಿಸಿದರೆ ಒಂದೊಂದು ಸುಮಾರು 9 ಎಂಬಿ, ಎಲ್ಲ ಸೇರಿ 840 ಎಂಬಿ ಆಸುಪಾಸು.

ಕಪ್ಪು ಅಂಚು ಎಲ್ಲಿಂದ ಬಂತು

ಸ್ಕ್ಯಾನ್ ಮಾಡಿದ ಚಿತ್ರವನ್ನು 200 ಪರ್ಸೆಂಟ್‌ಗೆ ಹಿಗ್ಗಿಸಿ ಅಂಚನ್ನು ನೋಡಿ. ಕಪ್ಪು ಒಮ್ಮೆಗೇ, ಗೆರೆ ಎಳೆದಂತೆ ಶುರುವಾದರೆ ಅದು ಕಾಗದದ ಆಚೆಗಿನ ಖಾಲಿ ಜಾಗ. ದಪ್ಪ ಪುಸ್ತಕಕ್ಕೆ ಮುಚ್ಚಳ ಪೂರ್ತಿ ಮುಚ್ಚುವುದಿಲ್ಲ. ಗಾಜಿನಿಂದ ಮೇಲೆ ಹೋದ ಬೆಳಕು ಹಿಂದಿರುಗಲು ಅಲ್ಲಿ ಏನೂ ಇಲ್ಲ, ಹಾಗಾಗಿ ಕಪ್ಪು. ನಮ್ಮ ಡೈರಿಯಲ್ಲಿ 11 ಇಂಚಿನ ಪುಸ್ತಕ 11.7 ಇಂಚಿನ ಗಾಜಿನ ಒಂದು ತುದಿಗೆ ಒತ್ತಿ ಕೂತಿದ್ದರೆ ಇನ್ನೊಂದು ತುದಿಯಲ್ಲಿ 0.7 ಇಂಚು, ಅಂದರೆ 210 ಪಿಕ್ಸೆಲ್ ಅಗಲದ ಪಟ್ಟಿ ಬರುತ್ತದೆ. ಇದನ್ನು ಧೈರ್ಯವಾಗಿ ಕತ್ತರಿಸಿ ಬಿಸಾಡಬಹುದು.

ಕಪ್ಪು ನಿಧಾನಕ್ಕೆ ಏರುತ್ತಾ ಹೋಗಿ, ಡೈರಿಯ ಅಚ್ಚಿನ ಗೆರೆಗಳು ಅದರೊಳಗೂ ಮುಂದುವರಿದಿದ್ದರೆ ಅದು ಕಾಗದವೇ. ಹೊಲಿಗೆಯ ಹತ್ತಿರ ಪುಟ ಗಾಜಿನಿಂದ ಮೇಲೆದ್ದು ನೆರಳು ಬಿದ್ದಿದೆ. ಅದನ್ನು ಕತ್ತರಿಸಿದರೆ ಬರಹವೂ ಹೋಗುತ್ತದೆ. ಬಲಪುಟದ ಮೊದಲ ಅಂಕಣದಲ್ಲಿ ತಾರೀಕು ಇರುವ ಡೈರಿಯಾದರೆ ಮೊದಲು ಬಲಿಯಾಗುವುದು ತಾರೀಕುಗಳೇ. ಇಲ್ಲಿ ಬೇಕಾದದ್ದು ಬೆಳಕನ್ನು ಸಮ ಮಾಡುವ ಸಾಧನ, ಕತ್ತರಿ ಅಲ್ಲ. ತೆಳ್ಳಗಿನ, ಯುಎಸ್‌ಬಿಯಿಂದಲೇ ಕರೆಂಟ್ ತೆಗೆದುಕೊಳ್ಳುವ ಸ್ಕ್ಯಾನರ್‌ಗಳಲ್ಲಿ ಇನ್ನೊಂದು ತೊಂದರೆ ಇದೆ: ಅವುಗಳ ಸೆನ್ಸರ್‌ಗೆ ಗಾಜಿಗೆ ಅಂಟಿಕೊಂಡದ್ದು ಮಾತ್ರ ಸ್ಪಷ್ಟವಾಗಿ ಕಾಣುತ್ತದೆ, ಪುಟ ಕೆಲವೇ ಮಿಲಿಮೀಟರ್ ಎದ್ದರೂ ಅಕ್ಷರ ಮಸುಕಾಗುತ್ತದೆ. ಕಪ್ಪನ್ನು ಆಮೇಲೆ ತಿಳಿಯಾಗಿಸಬಹುದು, ಮಸುಕನ್ನು ಆಗುವುದಿಲ್ಲ. ಅಂಥ ಪುಟವನ್ನು ಮತ್ತೆ ಸ್ಕ್ಯಾನ್ ಮಾಡಬೇಕು. ಈ ಸಲ ಒಂದೇ ಪುಟವನ್ನು ಗಾಜಿನ ಮೇಲಿಟ್ಟು, ಇನ್ನರ್ಧ ಪುಸ್ತಕ ಸ್ಕ್ಯಾನರ್‌ನ ಅಂಚಿನಿಂದ ಕೆಳಗೆ ಇಳಿಬೀಳುವಂತೆ ಹಿಡಿಯಿರಿ.

ಮೂರನೆಯದು ಮಳೆಗಾಲದ ಕೊಡುಗೆ. ಕೊಡಗಿನ ಜಡಿಮಳೆಯ ತಿಂಗಳಾದ ಕಕ್ಕಡದಲ್ಲಿ ಕಾಗದ ತೇವ ಹೀರಿ ಅಲೆಅಲೆಯಾಗುತ್ತದೆ. ಪುಟದ ನಡುವೆಯೇ ಬೂದು ಪಟ್ಟೆಗಳು ಮೂಡುತ್ತವೆ, ಸಾಲುಗಳು ಬಾಗುತ್ತವೆ. ಬಾಗಿದ ಸಾಲನ್ನು ಪುಟ ತಿರುಗಿಸಿ ನೇರ ಮಾಡಲು ಬರುವುದಿಲ್ಲ. ಎಡ ತುದಿ ಸರಿಯಾದರೆ ಬಲ ತುದಿ ಕೆಡುತ್ತದೆ. ಅವಸರವಿಲ್ಲದಿದ್ದರೆ ಈ ಕೆಲಸವನ್ನು ಜನವರಿಯಿಂದ ಮಾರ್ಚ್ ನಡುವಿನ ಒಣ ದಿನಗಳಿಗೆ ಇಟ್ಟುಕೊಳ್ಳುವುದೇ ಜಾಣತನ.

ಇನ್ನು ಸ್ಕ್ಯಾನ್ ಶುರುವೇ ಆಗಿಲ್ಲ ಎನ್ನುವವರಿಗೆ: ಪುಸ್ತಕದ ಬೆನ್ನಿಗೆ ಗಾಜನ್ನು ಪೂರ್ತಿ ಮುಚ್ಚುವಷ್ಟು ದೊಡ್ಡ ಬಿಳಿ ರಟ್ಟು ಇಟ್ಟು ಸಮನಾಗಿ ಒತ್ತಿ. ಮೊದಲ ಜಾತಿಯ ಕಪ್ಪು ಅಲ್ಲೇ ಮುಕ್ಕಾಲು ಪಾಲು ಮಾಯ. ಕಾಗದ ತೆಳುವಾಗಿ ಹಿಂದಿನ ಪುಟದ ಮಸಿ ಇಣುಕುತ್ತಿದ್ದರೆ ಮಾತ್ರ ಪುಟದ ಹಿಂದೆ ಕಪ್ಪು ಹಾಳೆ ಇಡಬೇಕು. ಆಗ ಇಣುಕುವುದು ನಿಲ್ಲುತ್ತದೆ, ಕಪ್ಪು ಅಂಚು ಮಾತ್ರ ಖಂಡಿತ ಬರುತ್ತದೆ. ಎರಡರಲ್ಲಿ ಕಪ್ಪು ಅಂಚೇ ಮೇಲು. ಅದನ್ನು ಆಮೇಲೆ ತೆಗೆಯಬಹುದು, ಇಣುಕಿದ ಮಸಿಯನ್ನು ತೆಗೆಯುವುದು ಬಹಳ ಕಷ್ಟ.

ಓರೆ ಎಷ್ಟು, ಯಾವ ಕಡೆಗೆ

ಒಂದು ಡಿಗ್ರಿ ಓರೆ ಎಂದರೆ ಕೇಳುವುದಕ್ಕೆ ಸಣ್ಣದು. 8.5 ಇಂಚು ಎತ್ತರದ ಪುಟದಲ್ಲಿ ಅದು ಮೇಲಿಂದ ಕೆಳಕ್ಕೆ ಬರುವಷ್ಟರಲ್ಲಿ ಸುಮಾರು 3.8 ಮಿಲಿಮೀಟರ್ ಜಾರಿರುತ್ತದೆ, 300 ಡಿಪಿಐನಲ್ಲಿ 45 ಪಿಕ್ಸೆಲ್ ಹತ್ತಿರ. ಗೆರೆ ಹಾಕಿದ ಡೈರಿಯಲ್ಲಿ ಅದು ಕಣ್ಣಿಗೆ ಹೊಡೆಯುತ್ತದೆ.

ಹತ್ತು ಸ್ಕ್ಯಾನ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಎಲ್ಲವೂ ಒಂದೇ ಕಡೆಗೆ, ಒಂದೇ ಅಳತೆಯಲ್ಲಿ ವಾಲಿದ್ದರೆ ಕಾರಣವೂ ಒಂದೇ: ಬಿಡಿ ಹಾಳೆ ಎಳೆದುಕೊಳ್ಳುವ ಸ್ಕ್ಯಾನರ್‌ನ ಬದಿ ಪಟ್ಟಿ ಸಡಿಲವಿದೆ, ಅಥವಾ ಪುಸ್ತಕವನ್ನು ಗಾಜಿನ ಮೂಲೆಗೆ ತಾಗಿಸದೆ ಇಟ್ಟಿದ್ದಾರೆ. ಒಂದೊಂದೂ ಒಂದೊಂದು ಕಡೆಗಿದ್ದರೆ ಪುಟಪುಟಕ್ಕೂ ಲೆಕ್ಕ ಹಾಕುವ ಸಾಧನ ಬೇಕು. ಜೋಡಿ ಪುಟದ ಸ್ಕ್ಯಾನ್‌ನಲ್ಲಂತೂ ಒಂದೇ ಚಿತ್ರದೊಳಗೆ ಎಡಪುಟ 0.8 ಡಿಗ್ರಿ ಒಂದು ಕಡೆಗೆ, ಬಲಪುಟ 0.5 ಡಿಗ್ರಿ ಇನ್ನೊಂದು ಕಡೆಗೆ ವಾಲಿರುವುದು ಮಾಮೂಲು. ಹೊಲಿಗೆ ಸಡಿಲವಾದ ಪುಸ್ತಕ ಚಪ್ಪಟೆಯಾಗಿ ಒತ್ತಿದಾಗ ಎರಡು ಪಕ್ಕವೂ ತಮ್ಮ ಪಾಡಿಗೆ ಸರಿಯುತ್ತವೆ. ಅದನ್ನು ಇಡಿಯಾಗಿ ತಿರುಗಿಸಿದರೆ ಒಂದೋ ಎಡಪುಟ ನೇರ, ಇಲ್ಲವೇ ಬಲಪುಟ ನೇರ, ಇಲ್ಲವೇ ಎರಡೂ ಅರೆಬರೆ.

ಯಾವುದು ಮೊದಲು, ಯಾವುದು ಆಮೇಲೆ

ಯಾವ ಸಾಧನ ಹಿಡಿದರೂ ಕೆಲಸದ ಸರದಿ ಒಂದೇ. ಕಪ್ಪು ಪಟ್ಟಿಯನ್ನು ಒರಟಾಗಿ ತೆಗೆಯುವುದು, ಜೋಡಿ ಪುಟ ಸೀಳುವುದು, ನೇರ ಮಾಡುವುದು, ಕೊನೆಯ ಅಳತೆಗೆ ಕತ್ತರಿಸುವುದು, ಆಮೇಲೆ ಜೋಡಿಸುವುದು.

ಕಪ್ಪನ್ನು ಮೊದಲೇ ಒರಟಾಗಿ ತೆಗೆಯುವುದಕ್ಕೆ ಕಾರಣವಿದೆ. ತಾನಾಗಿ ನೇರ ಮಾಡುವ ಸಾಧನಗಳು ಚಿತ್ರದಲ್ಲಿ ಉದ್ದುದ್ದ ಸಾಲುಗಳನ್ನು ಹುಡುಕುತ್ತವೆ. ಕಪ್ಪಿಗೂ ಕಾಗದಕ್ಕೂ ನಡುವಿನ ಗೆರೆ ಇಡೀ ಚಿತ್ರದಲ್ಲೇ ಎಲ್ಲಕ್ಕಿಂತ ಉದ್ದ, ಎಲ್ಲಕ್ಕಿಂತ ಗಾಢ. ಸಾಧನ ಅದನ್ನೇ ನಂಬಿಬಿಡುತ್ತದೆ. ಬೈಂಡಿಂಗ್ ಮಾಡುವಾಗ ಕಾಗದವನ್ನು ಸ್ವಲ್ಪ ಸೊಟ್ಟಗೆ ಕತ್ತರಿಸಿದ್ದರೆ ಕಾಗದದ ಅಂಚು ನೇರವಾಗಿ ನಿಲ್ಲುತ್ತದೆ, ಬರಹ ವಾಲಿಯೇ ಇರುತ್ತದೆ. “ನೇರ ಮಾಡಿದ ಮೇಲೂ ಓರೆ” ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಇದೇ.

ಕೊನೆಯ ಕತ್ತರಿ ನೇರ ಮಾಡಿದ ಮೇಲೇ ಬೀಳಬೇಕು. ಕತ್ತರಿಸಿದ ಮೇಲೆ ತಿರುಗಿಸಿದರೆ ನಾಲ್ಕು ಮೂಲೆಯಲ್ಲೂ ಸಣ್ಣ ತ್ರಿಕೋನಗಳು ಹುಟ್ಟುತ್ತವೆ. ಅವುಗಳಿಗೆ ಸಾಧನ ಕಪ್ಪು ತುಂಬಿದರೆ, ಹೋದ ಅಂಚು ಹೊಸ ವೇಷದಲ್ಲಿ ಮರಳಿ ಬಂದಂತಾಯಿತು.

ಪುಟವನ್ನು ತಿರುಗಿಸುವುದು ಒಂದೇ ಸಲ. 90 ಡಿಗ್ರಿ ತಿರುಗಿಸಿದರೆ ಪಿಕ್ಸೆಲ್‌ಗಳು ಜಾಗ ಬದಲಿಸುತ್ತವೆ ಅಷ್ಟೆ, 0.8 ಡಿಗ್ರಿ ತಿರುಗಿಸಿದರೆ ಪ್ರತಿ ಪಿಕ್ಸೆಲ್ ಅನ್ನೂ ಅಕ್ಕಪಕ್ಕದ್ದರಿಂದ ಹೊಸದಾಗಿ ಲೆಕ್ಕ ಹಾಕಬೇಕಾಗುತ್ತದೆ, ಸ್ವಲ್ಪ ಮೃದುವಾಗುತ್ತದೆ. ಎರಡು ಸಲ ತಿರುಗಿಸಿದರೆ ಎರಡು ಸಲ ಮೃದು. ಇದೇ ಕಾರಣಕ್ಕೆ ಅಪ್ಪಟ ಕಪ್ಪು-ಬಿಳುಪಿನಲ್ಲಿ ಸ್ಕ್ಯಾನ್ ಮಾಡಬೇಡಿ. ಬೂದು ಛಾಯೆಯೇ ಇಲ್ಲದ ಚಿತ್ರವನ್ನು ತಿರುಗಿಸಿದರೆ ಅಕ್ಷರದ ಅಂಚು ಗರಗಸದ ಹಲ್ಲಿನಂತಾಗುತ್ತದೆ. ಗ್ರೇಸ್ಕೇಲ್‌ನಲ್ಲಿ ಸ್ಕ್ಯಾನ್ ಮಾಡಿ, ಕಪ್ಪು-ಬಿಳುಪು ಬೇಕೇ ಬೇಕು ಎಂದರೆ ಕೊನೆಯಲ್ಲಿ ಮಾಡಿಕೊಳ್ಳಿ.

ಫೋನ್ ಆ್ಯಪ್: ಬಿಡಿ ಹಾಳೆಗೆ ಸಾಕು

ಫೋನ್ ಆ್ಯಪ್‌ನ ಶಕ್ತಿ ಬೇರೆಯೇ. ಫೋನನ್ನು ಸ್ವಲ್ಪ ಓರೆಯಾಗಿ ಹಿಡಿದಾಗ ಪುಟದ ಒಂದು ತುದಿ ಅಗಲ, ಇನ್ನೊಂದು ಕಿರಿದಾಗಿ ಕಾಣುತ್ತದಲ್ಲ, ಅದನ್ನು ಬರೀ ತಿರುಗಿಸಿ ಸರಿಮಾಡಲು ಆಗುವುದಿಲ್ಲ. ಆ್ಯಪ್ ನಾಲ್ಕು ಮೂಲೆಗಳನ್ನು ಗುರುತಿಸಿ ಚಿತ್ರವನ್ನು ಆಯತಕ್ಕೆ ಎಳೆಯುತ್ತದೆ; ಓರೆ, ಅಂಚು ಎರಡೂ ಒಂದೇ ಏಟಿಗೆ ಹೋಗುತ್ತವೆ. ಮೂಲೆ ಸಿಗಬೇಕಾದರೆ ಕಾಗದಕ್ಕೂ ಅದರ ಕೆಳಗಿನದಕ್ಕೂ ಬಣ್ಣದ ವ್ಯತ್ಯಾಸ ಬೇಕು. ಬಿಳಿ ಟೈಲ್ಸ್ ಮೇಲೆ, ತಿಳಿಬಣ್ಣದ ಸಿಮೆಂಟ್ ಜಗಲಿಯ ಮೇಲೆ ಇಟ್ಟರೆ ತಪ್ಪುತ್ತದೆ. ಕಡು ಬಣ್ಣದ ಕಂಬಳಿ ಹಾಸಿದರೆ ಹಿಡಿಯುತ್ತದೆ.

ಐದಾರು ಪಹಣಿ, ರಸೀದಿಗಳಂಥ ಬಿಡಿ ಹಾಳೆಗೆ ಇದಕ್ಕಿಂತ ಬೇಗ ಮುಗಿಯುವ ದಾರಿ ಇಲ್ಲ. ಹೊಲಿದ ಡೈರಿಗೆ ಮಾತ್ರ ಬೇಡ. ಪುಟ ಬಾಗಿರುವುದರಿಂದ ಮೂಲೆಗಳು ಸರಿಯಿದ್ದರೂ ನಡುವಿನ ಸಾಲುಗಳು ಹೊಟ್ಟೆ ಬಿಟ್ಟಿರುತ್ತವೆ. ಇನ್ನೊಂದು ಅಪಾಯ ಆ್ಯಪ್‌ಗಳ ಹೊಳಪಿನ ಫಿಲ್ಟರ್‌ನದು. ಹಿನ್ನೆಲೆಯನ್ನು ಬೆಳ್ಳಗಾಗಿಸುವ ಭರದಲ್ಲಿ ಪೆನ್ಸಿಲ್ ಬರಹವನ್ನೂ ಅಳಿಸಿಬಿಡುತ್ತದೆ. ಬಳಸುವುದೇ ಆದರೆ ಫಿಲ್ಟರ್ ತೆಗೆದು, ಮೂಲ ಬಣ್ಣದಲ್ಲೇ ಉಳಿಸಿ.

ನ್ಯಾಪ್ಸ್2: ಬಿಡಿ ಹಾಳೆ ನೂರಿದ್ದರೂ ಸರಿ

ಸ್ಕ್ಯಾನರ್‌ಗೆ ಹೇಳಿ ಸ್ಕ್ಯಾನ್ ಮಾಡಿಸುವುದು, ನೇರ ಮಾಡುವುದು, ಕತ್ತರಿಸುವುದು, ಪಿಡಿಎಫ್ ಮಾಡುವುದು ಎಲ್ಲ ಒಂದೇ ಕಿಟಕಿಯಲ್ಲಿ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಪುಟಗಳನ್ನು ಆಯ್ದು `Rotate` ಮೆನುವಿನಲ್ಲಿ `Deskew` ಒತ್ತಿದರೆ ಪ್ರತಿ ಪುಟಕ್ಕೂ ಬೇರೆ ಬೇರೆ ಕೋನ ಲೆಕ್ಕ ಹಾಕುತ್ತದೆ. `Image` ಮೆನುವಿನ `Crop` ಮಾತ್ರ ನಾವು ಎಳೆದ ಚೌಕವನ್ನೇ ಪಾಲಿಸುತ್ತದೆ. ಆಯ್ದ ಎಲ್ಲ ಪುಟಕ್ಕೂ ಅದೇ ಚೌಕ ಹಾಕು ಎಂದು ಅಲ್ಲೇ ಟಿಕ್ ಮಾಡಬಹುದು.

ಈ ಅನುಕೂಲವೇ ಅದರ ಮಿತಿಯೂ ಹೌದು. ಎಲ್ಲ ಹಾಳೆಗಳೂ ಒಂದೇ ಅಳತೆ, ಕಪ್ಪು ಪಟ್ಟಿ ಎಲ್ಲದರಲ್ಲೂ ಒಂದೇ ಕಡೆ ಇದ್ದರೆ ನೂರು ಪುಟಕ್ಕೆ ಒಂದು ಚೌಕ ಸಾಕು. ಕೈಯಲ್ಲಿ ಪುಟ ತಿರುವಿ ಮಾಡಿದ ಸ್ಕ್ಯಾನ್‌ನಲ್ಲಿ ಪುಸ್ತಕ ಪ್ರತಿಸಲ ನಾಲ್ಕೈದು ಮಿಲಿಮೀಟರ್ ಅತ್ತಿತ್ತ ಸರಿದಿರುತ್ತದೆ. ಒಂದು ಪುಟಕ್ಕೆ ಸರಿಯಾದ ಚೌಕ ಇನ್ನೊಂದರ ತಾರೀಕನ್ನು ತಿನ್ನುತ್ತದೆ. ಹೊಲಿಗೆಯ ನೆರಳನ್ನು ಸಮ ಮಾಡುವುದಕ್ಕೂ ಇದು ಸ್ಕ್ಯಾನ್‌ಟೇಲರ್‌ನ ಸಮಕ್ಕೆ ಬರುವುದಿಲ್ಲ. ಬಿಡಿ ಹಾಳೆಗೆ ನಮ್ಮ ಮತ ಇದಕ್ಕೇ, ಪುಸ್ತಕಕ್ಕೆ ಅಲ್ಲ.

ಇಮೇಜ್‌ಮ್ಯಾಜಿಕ್: ಓರೆ ಬೇರೆಬೇರೆ, ಅಂಚು ಒಂದೇ ಥರ ಇದ್ದಾಗ

ಆಜ್ಞೆ ಬರೆಯಲು ಹಿಂಜರಿಯದವರಿಗೆ ಇದರಷ್ಟು ವೇಗ ಬೇರೆಯದಕ್ಕಿಲ್ಲ. ಬಲಗಡೆಯ 210 ಪಿಕ್ಸೆಲ್ ಪಟ್ಟಿ ಕತ್ತರಿಸಿ, ಪುಟ ನೇರ ಮಾಡಿ, ಬೇರೆ ಫೋಲ್ಡರ್‌ನಲ್ಲಿ ಉಳಿಸುವುದಕ್ಕೆ ಇಷ್ಟೇ:

```
mkdir -p sari
for f in scan_*.tif; do
  magick "$f" -gravity East -chop 210x0 \
    -background white -deskew 40% +repage "sari/$f"
done
```

`-background white` ಬಿಟ್ಟುಬಿಡಬೇಡಿ, ತಿರುಗಿಸಿದಾಗ ಮೂಲೆಗಳಲ್ಲಿ ಹುಟ್ಟುವ ತ್ರಿಕೋನಗಳಿಗೆ ಬಿಳಿ ತುಂಬುವುದು ಅದೇ. ಹಳೆಯ 6ನೇ ಆವೃತ್ತಿಯಾದರೆ `magick` ಬದಲು `convert` ಎಂದು, ಮುಂದೆ ಬರುವ `magick mogrify` ಬದಲು ಬರೀ `mogrify` ಎಂದು ಬರೆಯಬೇಕು. ಎಷ್ಟು ಡಿಗ್ರಿ ತಿರುಗಿಸಿತು ಎಂದು ಕೇಳಲೂ ಬರುತ್ತದೆ:

```
magick scan_014.tif -gravity East -chop 210x0 -deskew 40% -format "%[deskew:angle]\n" info:
```

ಮಿಕ್ಕವೆಲ್ಲ ಒಂದು ಡಿಗ್ರಿಯೊಳಗಿದ್ದು ಒಂದು ಪುಟಕ್ಕೆ ಮಾತ್ರ 4 ಅಥವಾ 5 ಎಂದು ಬಂದರೆ ಆ ಪುಟವನ್ನು ತೆರೆದು ನೋಡಿ. ಬರಹ ಕಡಿಮೆ ಇರುವ ಪುಟದಲ್ಲಿ ಇಂಥ ಎಡವಟ್ಟು ಹೆಚ್ಚು. ಒಂದು ಸೊಟ್ಟ ಸಹಿ, ಮಡಿಕೆಯ ಗೆರೆ ಅದರ ದಾರಿ ತಪ್ಪಿಸುತ್ತದೆ.

ಅಂಚನ್ನು ತಾನಾಗಿ ಕತ್ತರಿಸಲು `-fuzz` ಜೊತೆ `-trim` ಬಳಸಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಸ್ಕ್ಯಾನ್ ಪುಟಕ್ಕೆ ಅದನ್ನು ನೆಚ್ಚಬೇಡಿ. ಆ ಆಜ್ಞೆ ಅಂಚಿನಲ್ಲಿ ಒಂದೇ ಬಣ್ಣ ಇದೆ ಎಂದು ನಂಬಿಕೊಂಡು ಕೆಲಸ ಮಾಡುತ್ತದೆ. ಸ್ಕ್ಯಾನರ್‌ನ ಕಪ್ಪು ಒಂದೇ ಬಣ್ಣದ್ದಲ್ಲ, ಕಡುಗಪ್ಪಿನಿಂದ ಬೂದಿಗೆ ಜಾರುತ್ತದೆ, ಅದರೊಳಗೆ ಧೂಳಿನ ಬಿಳಿ ಚುಕ್ಕೆಗಳೂ ಇರುತ್ತವೆ. ಬಣ್ಣದ ಎಷ್ಟು ವ್ಯತ್ಯಾಸವನ್ನು ಲೆಕ್ಕಿಸಬಾರದು ಎಂದು ಹೇಳುವ ಫಜ್ ಕಡಿಮೆ ಕೊಟ್ಟರೆ ಮೊದಲ ಧೂಳಿನ ಚುಕ್ಕೆಗೇ ನಿಂತುಬಿಡುತ್ತದೆ, ಜಾಸ್ತಿ ಕೊಟ್ಟರೆ ಮಾಸಿದ ಕಾಗದದ ಅಂಚನ್ನೂ ನುಂಗುತ್ತದೆ. ಅಳೆದು ಕೊಟ್ಟ `-chop` ಪೆದ್ದು ಆಜ್ಞೆ, ಆದರೆ ಹೇಳಿದಷ್ಟನ್ನೇ ಮಾಡುತ್ತದೆ. ನಮ್ಮ ಡೈರಿಯಲ್ಲಿ ಇದು ಸೋಲುವುದು ಜೋಡಿ ಪುಟದ ವಿಷಯದಲ್ಲಿ: ಹೊಲಿಗೆ ಪ್ರತಿ ಸ್ಕ್ಯಾನ್‌ನಲ್ಲೂ ಜಾಗ ಬದಲಿಸುವುದರಿಂದ ನಟ್ಟನಡುವೆ ಸೀಳು ಎಂದು ಕಣ್ಣುಮುಚ್ಚಿ ಹೇಳುವಂತಿಲ್ಲ.

ಸ್ಕ್ಯಾನ್‌ಟೇಲರ್: ಹೊಲಿದ ಪುಸ್ತಕಕ್ಕೆ ಇದೇ

ಮಳೆ ಡೈರಿಗೆ ನಾವು ಆರಿಸುವುದು ಇದನ್ನು. ಇದು ಚಿತ್ರಗಳನ್ನು ತೆಗೆದುಕೊಂಡು ಟಿಫ್ ಚಿತ್ರಗಳನ್ನೇ ಕೊಡುತ್ತದೆ. ಪಿಡಿಎಫ್ ಕೊಟ್ಟರೆ ತೆಗೆದುಕೊಳ್ಳುವುದಿಲ್ಲ, ಪಿಡಿಎಫ್ ಮಾಡಿಕೊಡುವುದೂ ಇಲ್ಲ. ಎಡಬದಿಯಲ್ಲಿ ಆರು ಹಂತಗಳ ಪಟ್ಟಿ ಇರುತ್ತದೆ. ಪ್ರತಿ ಹಂತದಲ್ಲೂ ಪಕ್ಕದ ತ್ರಿಕೋನ ಗುಂಡಿ ಒತ್ತಿ ಎಲ್ಲ ಪುಟಕ್ಕೂ ಓಡಿಸಿ, ಆಮೇಲೆ ತಪ್ಪಿದ್ದನ್ನು ಮಾತ್ರ ಕೈಯಿಂದ ತಿದ್ದುವುದು ಇದರ ರೀತಿ. ಮೂಲ ಸ್ಕ್ಯಾನ್‌ಗಳನ್ನು ಮುಟ್ಟುವುದಿಲ್ಲ. ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು, ಪ್ರತಿ ಹಂತ ಮುಗಿದಾಗ ಪ್ರಾಜೆಕ್ಟ್ ಸೇವ್ ಮಾಡಿ.

`Fix Orientation` ಹಂತದಲ್ಲಿ ತಲೆಕೆಳಗಾದದ್ದು, ಅಡ್ಡ ಬಿದ್ದದ್ದು ಸರಿಯಾಗುತ್ತದೆ. `Split Pages` ಹೊಲಿಗೆಯ ನೆರಳನ್ನು ಹುಡುಕಿ ನಡುವೆ ಗೆರೆ ಹಾಕುತ್ತದೆ. 92 ಜೋಡಿ ಪುಟಗಳಲ್ಲಿ ಕೆಲವು ಕಡೆ ಗೆರೆ ಹೊಲಿಗೆ ಬಿಟ್ಟು ಅಂಕಣದ ದಪ್ಪ ಗೆರೆಯ ಮೇಲೆ ಕೂರಬಹುದು; ಎಳೆದು ಜಾಗಕ್ಕೆ ತನ್ನಿ. ಎರಡು ರಟ್ಟುಗಳಿಗೆ ಒಂಟಿ ಪುಟ ಎಂದು ಗುರುತು ಹಾಕಿ, ಇಲ್ಲದಿದ್ದರೆ ರಟ್ಟನ್ನೂ ಸೀಳಿಬಿಟ್ಟೀತು. ಈ ಹಂತ ಮುಗಿದಾಗ ಪುಟಗಳ ಸಂಖ್ಯೆ 186 ಆಗಿರಬೇಕು: 184 ಪುಟ, 2 ರಟ್ಟು. ಒಂದು ಹೆಚ್ಚು ಕಡಿಮೆ ಇದ್ದರೂ ಅಲ್ಲೇ ನಿಂತು ಹುಡುಕಿ.

`Deskew` ಹಂತದಲ್ಲಿ ಈಗ ಎಡಪುಟ, ಬಲಪುಟಗಳಿಗೆ ಬೇರೆ ಬೇರೆ ಕೋನ. ಗೆರೆ ಹಾಕಿದ ಡೈರಿಯಲ್ಲಿ ಒಂದು ಸಂದೇಹ ಬರುತ್ತದೆ: ಅಚ್ಚಿನ ಗೆರೆಗೆ ನೇರ ಮಾಡುವುದೋ, ಕೈಬರಹಕ್ಕೋ? ಗೆರೆಗೆ. ಕೈಬರಹ ಮೇಲಕ್ಕೆ ಏರಿಕೊಂಡು ಹೋಗಿದ್ದರೆ ಅದು ಬರೆದವರ ಕೈ, ಸ್ಕ್ಯಾನರ್‌ನ ತಪ್ಪಲ್ಲ.

`Select Content` ಹಂತದಲ್ಲಿ ಅವಸರ ಮಾಡಬಾರದು. ಉಳಿಸಬೇಕಾದ ಭಾಗದ ಸುತ್ತ ಸಾಧನವೇ ಚೌಕ ಹಾಕುತ್ತದೆ, ಚೌಕದ ಆಚೆಗಿನದು ಹೋಗುತ್ತದೆ. ತಪ್ಪು ಎರಡು ಥರ. ಕಪ್ಪು ಪಟ್ಟಿಯನ್ನೇ ಬರಹ ಎಂದುಕೊಂಡು ಒಳಗೆ ಸೇರಿಸಿಕೊಳ್ಳುವುದು ಒಂದು. ಪುಟದ ಕೆಳಮೂಲೆಯಲ್ಲಿ ಪೆನ್ಸಿಲ್‌ನಲ್ಲಿ ಬರೆದ ತಿಂಗಳ ಮೊತ್ತವನ್ನು ಕಸ ಎಂದುಕೊಂಡು ಬಿಡುವುದು ಇನ್ನೊಂದು. ಎರಡನ್ನೂ ಹಿಡಿಯಲು 186 ಪುಟ ತಿರುವಬೇಕಿಲ್ಲ. ಬಲಬದಿಯ ಸಣ್ಣಚಿತ್ರಗಳ ಕೆಳಗಿನ ಪಟ್ಟಿಯಲ್ಲಿ `Order by increasing width` ಆರಿಸಿ. ಬರಹ ಬಿಟ್ಟ ಚೌಕಗಳು ಕಿರಿದಾಗಿ ಮೇಲೆ ಸೇರುತ್ತವೆ, ಕಪ್ಪು ನುಂಗಿದ ಚೌಕಗಳು ಅಗಲವಾಗಿ ಕೆಳಗೆ ಸೇರುತ್ತವೆ. ಎತ್ತರಕ್ಕೂ ಹಾಗೇ ಮಾಡಿ. ಕೆಳಮೂಲೆಯ ಮೊತ್ತ ತಪ್ಪಿದ ಪುಟಗಳು ಸಿಗುವುದು ಎತ್ತರದ ಸರದಿಯಲ್ಲಿ.

`Margins` ಹಂತ ಎಲ್ಲ ಪುಟಗಳನ್ನೂ ಒಂದೇ ಅಳತೆಗೆ ತರುತ್ತದೆ, ಎಲ್ಲಕ್ಕಿಂತ ದೊಡ್ಡ ಪುಟವೇ ಅದಕ್ಕೆ ಅಳತೆಗೋಲು. ಹಿಂದಿನ ಹಂತದಲ್ಲಿ ಕಪ್ಪು ನುಂಗಿದ ಒಂದೇ ಒಂದು ಪುಟ ಉಳಿದಿದ್ದರೂ ಮಿಕ್ಕ 185 ಪುಟಗಳ ಸುತ್ತ ಅಗಲವಾದ ಖಾಲಿ ಬಿಳಿ ಬರುತ್ತದೆ. ಎಲ್ಲ ಪುಟಗಳೂ ದೊಡ್ಡ ಹಾಳೆಯ ನಡುವೆ ಅಂಚೆಚೀಟಿಯಂತೆ ಕಂಡರೆ ಕಾರಣ ಆ ಒಂದು ಪುಟ. ರಟ್ಟು ಪುಟಕ್ಕಿಂತ ಸ್ವಲ್ಪ ದೊಡ್ಡದಿರುವುದರಿಂದ ಆ ಎರಡಕ್ಕೆ `Match size with other pages` ಟಿಕ್ ತೆಗೆದುಬಿಡಿ.

`Output` ಹಂತದಲ್ಲಿ ಡಿಪಿಐ 600 ಎಂದಿರುತ್ತದೆ. 300ರಲ್ಲಿ ಸ್ಕ್ಯಾನ್ ಮಾಡಿದ ಬೂದು ಚಿತ್ರವನ್ನು 600 ಮಾಡಿದರೆ ಫೈಲ್ ಊದುತ್ತದೆ ಹೊರತು ಹೊಸ ವಿವರ ಬರುವುದಿಲ್ಲ, 300ಕ್ಕೆ ಇಳಿಸಿ. ಬಣ್ಣದ ಜಾಗದಲ್ಲಿ `Color / Grayscale` ಆರಿಸಿ, ಹೊಲಿಗೆಯ ನೆರಳಿಗಾಗಿ `Equalize illumination` ಟಿಕ್ ಮಾಡಿ. ನೆರಳಿನ ಏರಿಳಿತ ಸಮವಾಗಿ ತಾರೀಕುಗಳು ಮೇಲೆದ್ದು ಬರುತ್ತವೆ.

ಇಲ್ಲಿ `Black and White` ಆರಿಸುವ ಆಸೆ ಆಗುವುದು ಸಹಜ. ಫೈಲ್ ಬಹಳ ಚಿಕ್ಕದಾಗುತ್ತದೆ, ಪುಟ ಅಚ್ಚು ಹಾಕಿದಂತೆ ಕಾಣುತ್ತದೆ. ಆದರೆ ಆ ಆಯ್ಕೆಯ ಜೊತೆ ಚುಕ್ಕೆ ತೆಗೆಯುವ `Despeckling` ಕೂಡ ಬರುತ್ತದೆ. ಬಾಲ್‌ಪೆನ್ನಿನಲ್ಲಿ ಇಟ್ಟ ಚುಕ್ಕೆ ಸುಮಾರು 0.4 ಮಿಲಿಮೀಟರ್ ಎಂದುಕೊಳ್ಳಿ. 300 ಡಿಪಿಐನಲ್ಲಿ ಅದು ಅಡ್ಡಕ್ಕೆ 5 ಪಿಕ್ಸೆಲ್ ಕೂಡ ಪೂರ್ತಿ ಇಲ್ಲ. ಧೂಳಿನ ಕಣವೂ ಅಷ್ಟೇ ಇರುತ್ತದೆ. ಸಾಧನಕ್ಕೆ ಇವೆರಡರ ಭೇದ ಗೊತ್ತಾಗುವುದಿಲ್ಲ. 4.05 ಇದ್ದದ್ದು 405 ಆಗುತ್ತದೆ. 2.45 ಎಂಬುದು 245 ಆಗುತ್ತದೆ. ದಿನಕ್ಕೆ 405 ಇಂಚು ಮಳೆ ಭಾಗಮಂಡಲದಲ್ಲೂ ಬೀಳುವುದಿಲ್ಲವಾದ್ದರಿಂದ ಅಂಥ ಕಡೆ ಓದುವವರು ಊಹಿಸಿಕೊಳ್ಳಬಹುದು. ಆದರೆ 1.2 ಇದ್ದದ್ದು 12 ಆದರೆ? ಕೊಡಗಿನ ಜುಲೈಯಲ್ಲಿ 12 ಇಂಚಿನ ದಿನವೂ ನಂಬುವಂಥದ್ದೇ. ಅಚ್ಚಾದ ಕನ್ನಡ ಪುಸ್ತಕಕ್ಕೂ ಈ ಅಪಾಯ ತಪ್ಪಿದ್ದಲ್ಲ: ಮಸಿ ಸರಿಯಾಗಿ ಹಿಡಿಯದ ಕಡೆ ‘ಧ’ದ ಕೆಳಗಿನ ಸಣ್ಣ ಸೀಳು ಅಕ್ಷರದಿಂದ ಬಿಡಿಸಿಕೊಂಡು ನಿಂತಿರುತ್ತದೆ, ಚುಕ್ಕೆ ಎಂದು ತೆಗೆದರೆ ‘ದ’ ಉಳಿಯುತ್ತದೆ. ಅಂಕಿಗಳಿರುವ ಪುಟಕ್ಕೆ ಚುಕ್ಕೆ ತೆಗೆಯುವುದನ್ನು ಪೂರ್ತಿ ಆಫ್ ಮಾಡಿ. ನಾಲ್ಕು ಧೂಳಿನ ಚುಕ್ಕೆ ಇದ್ದರೆ ಇರಲಿ.

ಜೋಡಿಸುವುದು

ಸ್ಕ್ಯಾನ್‌ಟೇಲರ್ `out` ಫೋಲ್ಡರ್‌ನಲ್ಲಿ `scan_014_1L.tif`, `scan_014_2R.tif` ಎಂದು ಎಡ, ಬಲ ಪುಟಗಳನ್ನು ಇಡುತ್ತದೆ. ಹೆಸರಿನ ಸರದಿಯೇ ಪುಟದ ಸರದಿ. ಸ್ಕ್ಯಾನ್ ಮಾಡುವಾಗ `scan_1`, `scan_2` ಎಂದು ಹೆಸರಿಟ್ಟಿದ್ದರೆ ಇಲ್ಲಿ ಗ್ರಹಚಾರ ಶುರು: 1 ಆದ ಮೇಲೆ 10, 11, ಅವೆಲ್ಲ ಮುಗಿದ ಮೇಲೆ 2. ಮೊದಲಿನಿಂದಲೇ 001 ಎಂದು ಮೂರು ಅಂಕಿಯಲ್ಲಿ ಇಡಿ.

ಟಿಫ್‌ಗಳನ್ನು ಹಾಗೇ ಜೋಡಿಸಿದರೆ ಪಿಡಿಎಫ್ ನೂರಾರು ಎಂಬಿ ದಾಟುತ್ತದೆ. ಟಿಫ್‌ಗಳನ್ನು ಹಾರ್ಡ್ ಡಿಸ್ಕ್‌ನಲ್ಲಿ ಕಾಪಿಟ್ಟು, ಹಂಚುವ ಪ್ರತಿಗೆ ಒಂದೇ ಒಂದು ಸಲ ಜೆಪೆಗ್ ಮಾಡಿಕೊಳ್ಳಿ:

```
mkdir -p jpg
magick mogrify -path jpg -format jpg -quality 80 out/*.tif
img2pdf jpg/*.jpg -o male-dairi.pdf
```

ಇಲ್ಲಿ `img2pdf` ಆರಿಸಿದ್ದಕ್ಕೆ ಕಾರಣ, ಅದು ಜೆಪೆಗ್ ಅನ್ನು ಮತ್ತೆ ಹಿಂಡದೆ ಇದ್ದಂತೆಯೇ ಪಿಡಿಎಫ್ ಒಳಗೆ ಇಡುತ್ತದೆ. ಚಿತ್ರದಲ್ಲಿ ಡಿಪಿಐ ಬರೆದಿರದಿದ್ದರೆ ಅದು 96 ಎಂದು ಲೆಕ್ಕ ಹಿಡಿಯುತ್ತದೆ. ಆಗ 5.5 ಇಂಚು ಅಗಲ ಇರಬೇಕಾದ ಪುಟ 17 ಇಂಚು ಎಂದು ತೋರಿಸುತ್ತದೆ. ಪಿಡಿಎಫ್‌ನ ಪ್ರಾಪರ್ಟೀಸ್‌ನಲ್ಲಿ ಪುಟದ ಅಳತೆ ಒಮ್ಮೆ ನೋಡಿಕೊಂಡರೆ ಇದು ತಕ್ಷಣ ಸಿಕ್ಕಿಬೀಳುತ್ತದೆ.

ಆಗಲೇ ಒಂದೇ ಫೈಲ್ ಆಗಿಬಿಟ್ಟಿದ್ದರೆ

ಯಾರೋ ಮಾಡಿ ಕಳಿಸಿದ, ಓರೆ ಕಪ್ಪು ಎಲ್ಲ ಸೇರಿರುವ ಪಿಡಿಎಫ್ ಮಾತ್ರ ಕೈಯಲ್ಲಿದ್ದರೆ, ಪಿಡಿಎಫ್ ತಿದ್ದುವ ಸಾಧನದಲ್ಲಿ ಕ್ರಾಪ್ ಮಾಡಿ ಮುಗಿಸೋಣ ಅನಿಸುತ್ತದೆ. ಪಿಡಿಎಫ್‌ನಲ್ಲಿ ಕ್ರಾಪ್ ಮಾಡಿದರೆ ಸಾಮಾನ್ಯವಾಗಿ ಆಗುವುದು ಮರೆಮಾಡುವುದಷ್ಟೆ. ಕತ್ತರಿಸಿದ ಭಾಗ ಫೈಲ್ ಒಳಗೇ ಇರುತ್ತದೆ, ಫೈಲ್‌ನ ಗಾತ್ರ ಇಳಿಯುವುದಿಲ್ಲ, ಬೇಕೆಂದವರು ಕ್ರಾಪ್ ಬಿಚ್ಚಿ ನೋಡಬಹುದು. ಅಂಚಿನಲ್ಲಿದ್ದ ಆಳುಗಳ ಸಂಬಳದ ಲೆಕ್ಕವನ್ನು ಬೇರೆಯವರಿಗೆ ಕಾಣದಂತೆ ಮಾಡಲು ಕ್ರಾಪ್ ಮಾಡಿದವರಿಗೆ ಇದು ಗೊತ್ತಿರಬೇಕು. ಓರೆಯನ್ನಂತೂ ಕ್ರಾಪ್ ಮುಟ್ಟುವುದೇ ಇಲ್ಲ.

ಸರಿಯಾದ ದಾರಿ ಎಂದರೆ ಪಾಪ್ಲರ್ ಎಂಬ ಉಚಿತ ಸಾಧನದ ಆಜ್ಞೆಗಳಿಂದ ಬಿಚ್ಚಿ ಮತ್ತೆ ಕಟ್ಟುವುದು:

```
pdfimages -list hale.pdf
pdfimages -all hale.pdf puta
```

ಮೊದಲನೆಯದು ಒಳಗಿನ ಚಿತ್ರಗಳ ಅಳತೆ, ಡಿಪಿಐ ತೋರಿಸುತ್ತದೆ. ಎರಡನೆಯದು ಅವನ್ನು `puta-000`, `puta-001` ಎಂದು ಇದ್ದ ಗುಣಮಟ್ಟದಲ್ಲೇ ಹೊರತೆಗೆಯುತ್ತದೆ. ಪಟ್ಟಿಯಲ್ಲಿ ಒಂದು ಪುಟಕ್ಕೆ ಒಂದೇ ಚಿತ್ರ ಇದ್ದರೆ ಅವನ್ನು ಸ್ಕ್ಯಾನ್‌ಟೇಲರ್‌ಗೆ ಕೊಡಿ. ಡಿಪಿಐ ಕೇಳಿದರೆ ಪಟ್ಟಿಯಲ್ಲಿ ಕಂಡದ್ದನ್ನು ಕೊಡಿ. ಒಂದೊಂದು ಪುಟಕ್ಕೆ ಮೂರು ನಾಲ್ಕು ಚಿತ್ರಗಳಿದ್ದರೆ ಆ ಪಿಡಿಎಫ್ ಅನ್ನು ಅಕ್ಷರ ಬೇರೆ, ಹಿನ್ನೆಲೆ ಬೇರೆ ಪದರ ಮಾಡಿ ಹಿಂಡಿದ್ದಾರೆ ಎಂದರ್ಥ. ಹೊರತೆಗೆದರೆ ಬರೀ ತುಂಡುಗಳು ಸಿಗುತ್ತವೆ. ಆಗ `pdftoppm -r 300 -png hale.pdf puta` ಎಂದು ಇಡೀ ಪುಟವನ್ನೇ ಚಿತ್ರವಾಗಿ ತೆಗೆಯಬೇಕು.

ಒಂದು ಬಗೆಯ ಕಾಗದಕ್ಕೆ ಮೇಲಿನ ಯಾವ ಕತ್ತರಿಯೂ ಬೇಡ. ಕೊಡಗಿನ ವಂಶಪಾರಂಪರ್ಯ ಹಿಡುವಳಿಯಾದ ಜಮ್ಮಾ ಭೂಮಿಯ ಹಳೆ ದಾಖಲೆ, ಕ್ರಯಪತ್ರ, ಪಾಲುಪಟ್ಟಿಗಳಲ್ಲಿ ಮುದ್ರೆ, ಪುಟದಂಚಿನ ಸಹಿ, ನೋಂದಣಿ ಸಂಖ್ಯೆ ಎಲ್ಲ ಕಾಗದದ ತುತ್ತತುದಿಯಲ್ಲೇ ಇರುತ್ತವೆ. ಅವನ್ನು ನೇರ ಮಾಡಿ ಅಷ್ಟೆ. ಕಾಗದದ ನಾಲ್ಕೂ ಅಂಚು ಕಾಣುವಂತೆ, ಸುತ್ತ ಒಂದು ಬೆರಳಗಲ ಕಪ್ಪು ಉಳಿದರೂ ಪರವಾಗಿಲ್ಲ. ಹಾಳೆ ಪೂರ್ತಿ ಇದೆ, ಯಾರೂ ಏನನ್ನೂ ಕತ್ತರಿಸಿಲ್ಲ ಎಂದು ನೋಡಿದವರಿಗೆ ತಿಳಿಯುವುದು ಆ ಕಪ್ಪಿನಿಂದಲೇ.